ವೆಬಿನಾರನ್ನು ತುಣುಕುಗಳಾಗಿ ಕತ್ತರಿಸಿ ಹಂಚಬೇಕೇ?

ಪರ

ಮುಂಗಾರಿಗೆ ಮುನ್ನ ನಮ್ಮ ಬೆಳೆಗಾರರ ಬಳಗವು ಅಡಿಕೆಯ ಕೊಳೆರೋಗದ ಕುರಿತು ಒಂದು ವೆಬಿನಾರ್ ನಡೆಸಿತು. ಅದರ ವಿಡಿಯೊ 1 ಗಂಟೆ 52 ನಿಮಿಷ ಇದೆ. ಅದರಿಂದ ನಾಲ್ಕು ತುಣುಕುಗಳನ್ನು ಆರಿಸಿ, ಕತ್ತರಿಸಿ, ವಾಟ್ಸ್ಯಾಪ್ ಗುಂಪುಗಳಿಗೆ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಲು ಡ್ರಮ್ಮಿನ ಮುಂದೆ ನಿಂತಿರುವವನಿಗೆ ಬೇಕಾದುದು ಆ ಹೊತ್ತಿನ ಒಂದು ಉತ್ತರ. ಮೊದಲ ಹತ್ತು ನಿಮಿಷ ಸ್ವಾಗತ ಮತ್ತು ಪರಿಚಯಕ್ಕೇ ಹೋದ ವಿಡಿಯೊದಲ್ಲಿ ಅದನ್ನು ಹುಡುಕಿಕೊಳ್ಳುವಷ್ಟು ಸಮಯವಾಗಲಿ ಸಿಗ್ನಲ್ ಆಗಲಿ ಅವನಿಗೆ ತೋಟದಲ್ಲಿ ಸಿಗುವುದಿಲ್ಲ.

ಕಷ್ಟವಿರುವುದು ಆಯ್ಕೆಯಲ್ಲಿ. ಭಾಷಣದಲ್ಲಿ ಗಟ್ಟಿಯಾಗಿ ಕೇಳಿಸುವ ಮಾತೆಲ್ಲ ಒಳ್ಳೆಯ ತುಣುಕಾಗುವುದಿಲ್ಲ. ಒಂದು ಪ್ರಶ್ನೆಗೆ ಪೂರ್ತಿ ಉತ್ತರವಾಗಿ ನಿಲ್ಲುವ ಮಾತು ಮಾತ್ರ ಪ್ರತ್ಯೇಕವಾಗಿ ಬಾಳುತ್ತದೆ. ಆದ್ದರಿಂದ ನಾನು ಚಾಟ್‌ನಲ್ಲಿ ಬಂದ ಪ್ರಶ್ನೆಗಳಿಂದ ಆರಂಭಿಸಿ, ಜನ ಮತ್ತೆ ಮತ್ತೆ ಕೇಳಿದ್ದು ಏನೆಂದು ಗುರುತು ಹಾಕಿಕೊಂಡು, ಅದಕ್ಕೆ ಉತ್ತರ ಎಲ್ಲೆಲ್ಲಿದೆ ಎಂದು ಹುಡುಕುತ್ತೇನೆ. ‘ಎಲ್ಲೆಲ್ಲಿ’ ಎಂದು ಬೇಕೆಂದೇ ಹೇಳಿದೆ, ಏಕೆಂದರೆ ಉತ್ತರ ಒಂದೇ ಕಡೆ ಇರುವುದು ಅಪರೂಪ. ಬೋರ್ಡೋ ತಯಾರಿಯ ವಿವರಣೆ 41:20ಕ್ಕೆ ಆರಂಭವಾಗಿ 44:05ಕ್ಕೆ ಮುಗಿಯುತ್ತದೆ: 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಮತ್ತೊಂದು 50 ಲೀಟರ್ ನೀರಿಗೆ, ಬಳಿಕ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು, ಸುಣ್ಣವನ್ನು ಮೈಲುತುತ್ತಿಗೆ ಸುರಿಯಬಾರದು. ಆದರೆ ಚಾಕುವಿನ ಪರೀಕ್ಷೆಯ ಮಾತು ಬರುವುದು 1:28:40ಕ್ಕೆ, ಒಬ್ಬರ ಪ್ರಶ್ನೆಗೆ ಉತ್ತರವಾಗಿ. ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಆಗ ಇನ್ನಷ್ಟು ಸುಣ್ಣ ಸೇರಿಸಬೇಕು, ಇಲ್ಲವಾದರೆ ಎಳೆಯ ಭಾಗಗಳು ಸುಡುತ್ತವೆ. ಈ ಎರಡನ್ನೂ ಸೇರಿಸದ ತುಣುಕು ಅಪೂರ್ಣ. ನಾನು ಎರಡನ್ನೂ ಜೋಡಿಸಿ, ನಡುವೆ ಒಂದು ಸೆಕೆಂಡು ಕಪ್ಪು ಪರದೆಯ ಮೇಲೆ ‘ಪ್ರಶ್ನೋತ್ತರದಿಂದ’ ಎಂದು ಬರೆದೆ. ಮಾತು ಅಲ್ಲಿ ಜಿಗಿದಿದೆ ಎಂಬುದು ನೋಡುವವರಿಗೆ ತಿಳಿಯಲೇಬೇಕು.

ಕತ್ತರಿಸುವಾಗ ಹೊಸಬರು ಎಡವುವ ಜಾಗ ಒಂದಿದೆ. ವಿಡಿಯೊ ಕಡತದಲ್ಲಿ ಪೂರ್ತಿ ಚಿತ್ರ ಆಗಾಗ ಮಾತ್ರ ಇರುತ್ತದೆ, ನಡುವೆ ಉಳಿಯುವುದು ಬದಲಾವಣೆಗಳ ದಾಖಲೆ. ಹೊಸದಾಗಿ ಎನ್‌ಕೋಡ್ ಮಾಡದೆ ನಕಲಿಸಿ ಕತ್ತರಿಸಿದರೆ ತುಣುಕು ಹಿಂದಿನ ಪೂರ್ತಿ ಚಿತ್ರದಿಂದಲೇ ಆರಂಭವಾಗಿ, ಹಿಂದಿನ ವಾಕ್ಯದ ಬಾಲ ಕೇಳಿಸಬಹುದು, ಇಲ್ಲವೇ ಚಿತ್ರ ಕೆಲ ಕ್ಷಣ ಹೆಪ್ಪುಗಟ್ಟಿ ನಿಲ್ಲಬಹುದು. ಹಾಗಾಗಿ ನಾನು ಸ್ವಲ್ಪ ಹೊತ್ತು ಹೆಚ್ಚು ಹಿಡಿದರೂ ffmpeg ಎಂಬ ತಂತ್ರಾಂಶದಲ್ಲಿ ಹೊಸದಾಗಿ ಎನ್‌ಕೋಡ್ ಮಾಡಿಯೇ ಕತ್ತರಿಸುತ್ತೇನೆ:

```
ffmpeg -ss 00:41:20 -to 00:44:05 -i webinar.mp4 -c:v libx264 -crf 20 -c:a aac bordo.mp4
```

ಮೊಬೈಲಿಗೆಂದು ಅಡ್ಡ ಚಿತ್ರವನ್ನು ನಿಲುವು ಚಿತ್ರವಾಗಿ ಕತ್ತರಿಸುವ ಆಸೆಯನ್ನು ಬಿಟ್ಟೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಉಳಿಯುವುದು ಸುಮಾರು 608 ಮಾತ್ರ, ಅಂದರೆ ಅಳತೆಗಳನ್ನು ಬರೆದ ಸ್ಲೈಡಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹೊರಗುಳಿಯುತ್ತದೆ. ಸ್ಲೈಡನ್ನು ಪೂರ್ತಿಯಾಗಿ ಮೇಲಿಟ್ಟು, ಕೆಳಗೆ ಅದೇ ಅಳತೆಯನ್ನು ದೊಡ್ಡಕ್ಷರದಲ್ಲಿ ಬರೆದು, ಮೂಲೆಯಲ್ಲಿ ವೆಬಿನಾರಿನ ದಿನಾಂಕವನ್ನು ಕೊನೆಯವರೆಗೂ ಉಳಿಸಿದೆ. ಕಳುಹಿಸುವ ಮುನ್ನ ವೆಬಿನಾರಿಗೆ ಬಂದಿರದ ಪಕ್ಕದ ಮನೆಯ ಮಾವನಿಗೆ ತೋರಿಸಿ, ಕಲಸುವುದು ಹೇಗೆಂದು ಹೇಳಿಸಿದೆ. ಅವರು ತಡವರಿಸದೆ ಹೇಳಿದರು. ಎರಡು ಡ್ರಮ್ಮಿನ ನೀರೂ ಸೇರಿ 100 ಲೀಟರ್ ಆಗಬೇಕೆಂಬುದನ್ನೂ ಸೇರಿಸಿಯೇ ಹೇಳಿದರು.

ವಿರೋಧ

ಮೇಲಿನದನ್ನು ಬರೆದ ಗೆಳೆಯರ ಶ್ರದ್ಧೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತಕರಾರು ಅವರ ಕೈಯಲ್ಲಿದ್ದ ತುಣುಕಿನ ಮೇಲಲ್ಲ, ಅವರ ಕೈ ಬಿಟ್ಟ ಮೇಲೆ ಅದು ಏನಾಯಿತು ಎಂಬುದರ ಮೇಲೆ.

ಎಂಟು ದಿನಗಳ ನಂತರ ಬೇರೊಂದು ಗುಂಪಿನಿಂದ ನನಗೆ ಅದೇ ತುಣುಕು ಬಂತು, ಆದರೆ ಅದು 50 ಸೆಕೆಂಡಿನದಾಗಿತ್ತು. ಕಳುಹಿಸುವ ಮುನ್ನ ವಿಡಿಯೊವನ್ನು ಎರಡೂ ತುದಿಯಿಂದ ಮೊಟಕುಗೊಳಿಸುವ ಸೌಲಭ್ಯ ವಾಟ್ಸ್ಯಾಪಿನಲ್ಲೇ ಇದೆ, ಮತ್ತು ಸ್ಟೇಟಸ್‌ಗೆ ಹಾಕುವವರಿಗೆ ಉದ್ದದ ಮಿತಿಯೂ ಇದೆ. ಯಾರೋ ಒಳ್ಳೆಯ ಉದ್ದೇಶದಿಂದಲೇ ‘ಮುಖ್ಯವಾದ ಭಾಗ’ವನ್ನು ಉಳಿಸಿಕೊಂಡಿದ್ದರು. ಅದು ಮುಗಿಯುವುದು ಹೀಗೆ: ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕಿಲೋ ಸುಣ್ಣ. ಎರಡನೆಯ ಐವತ್ತು ಲೀಟರಿನ ಮಾತು ಬರುವ ಮುನ್ನವೇ ತುಣುಕು ನಿಂತಿತು. ಇಷ್ಟನ್ನೇ ಕೇಳಿದವನು ಐವತ್ತು ಲೀಟರಿಗೇ ಎರಡನ್ನೂ ಹಾಕಿದರೆ ದ್ರಾವಣ ಶೇಕಡಾ 1ರ ಬದಲು 2 ಆಗುತ್ತದೆ. ಮದ್ದಿನ ಖರ್ಚು ಇಮ್ಮಡಿ, ಮಣ್ಣಿಗೆ ಸೇರುವ ತಾಮ್ರವೂ ಇಮ್ಮಡಿ, ಮತ್ತು ತಾಮ್ರ ಮಣ್ಣಿನಿಂದ ಸುಲಭವಾಗಿ ಹೋಗುವ ವಸ್ತುವಲ್ಲ. ಗೆಳೆಯರು ಅಷ್ಟು ಎಚ್ಚರದಿಂದ ಜೋಡಿಸಿದ್ದ ಚಾಕುವಿನ ಪರೀಕ್ಷೆ ಅದರಲ್ಲಿ ಇರಲೇ ಇಲ್ಲ. ಮೂಲೆಯ ದಿನಾಂಕ ಉಳಿದಿತ್ತು, ಅದು ನಿಜ. ಆದರೆ ಮಾತು ಅರ್ಧಕ್ಕೆ ನಿಂತಿದೆ ಎಂದು ದಿನಾಂಕ ಹೇಳುವುದಿಲ್ಲ.

ಮತ್ತೊಂದು ತುಣುಕು ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಪ್ರಶ್ನೋತ್ತರದಲ್ಲಿ ಒಬ್ಬರು, ಕಳೆದ ವರ್ಷ ಮೊದಲ ಸಿಂಪಡಣೆ ಮಳೆ ಹಿಡಿದ ಮೇಲೆ ಆಯಿತೆಂದೂ, ಕೊನೆಗಾರರು ಸಿಗದೆ ಎರಡನೆಯದು ಆಗಲೇ ಇಲ್ಲವೆಂದೂ, ಬಿದ್ದ ಕಾಯಿಯ ಲೆಕ್ಕ ಹಾಕುವುದನ್ನೇ ಬಿಟ್ಟೆನೆಂದೂ, ಬ್ಯಾಂಕಿನ ಸಾಲದ ಮಾತನ್ನೂ ಸೇರಿಸಿ ಹೇಳಿದರು. ಎಂಬತ್ತು ಜನ ಸೇರಿದ್ದ ಸಭೆ ಅದು, ಬಹುತೇಕರು ಪರಿಚಿತರು. ಸಭೆಯ ಆರಂಭದಲ್ಲಿ ‘ರೆಕಾರ್ಡ್ ಆಗುತ್ತಿದೆ’ ಎಂಬ ಸೂಚನೆ ಎಲ್ಲರಿಗೂ ಕೇಳಿಸಿತ್ತು. ಆದರೆ ದಾಖಲಾಗಲು ಒಪ್ಪುವುದೇ ಬೇರೆ, ತನ್ನ ಸೋಲಿನ ಮಾತು ಒಂದು ನಿಮಿಷದ ತುಣುಕಾಗಿ ಊರೂರು ತಿರುಗಲು ಒಪ್ಪುವುದೇ ಬೇರೆ. ಪೂರ್ತಿ ವಿಡಿಯೊದ ಒಂದೂವರೆ ಗಂಟೆ ಕಳೆದ ಮೇಲೆ ಬರುವ ಮಾತು ಒಂದು ಬಗೆಯಲ್ಲಿ ಸಭೆಯೊಳಗೇ ಉಳಿದಿರುತ್ತದೆ. ತುಣುಕಾದಾಗ ಅದೇ ಮೊದಲ ಮಾತಾಗುತ್ತದೆ. ಅವರ ಮುಖ ಕಾಣದಂತೆ ಸ್ಲೈಡನ್ನು ಮುಂದಿಟ್ಟಿದ್ದರೂ ದನಿ ಗುರುತು ಸಿಕ್ಕಿತು. ಅವರನ್ನು ಕೇಳುವುದಕ್ಕೆ ಒಂದು ಫೋನ್ ಸಾಕಾಗಿತ್ತು. ಯಾರೂ ಮಾಡಲಿಲ್ಲ, ನಾನೂ ಮಾಡಲಿಲ್ಲ.

ತೋಟದಲ್ಲಿ ನಿಂತವನಿಗೆ ಎರಡು ಗಂಟೆಯ ವಿಡಿಯೊ ಉಪಯೋಗವಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕೆ ಕತ್ತರಿ ಬೇಕಿಲ್ಲ. ಯೂಟ್ಯೂಬಿನಲ್ಲಿ ವಿಡಿಯೊದ ವಿವರಣೆಯೊಳಗೆ ಸಮಯ ಮತ್ತು ಶೀರ್ಷಿಕೆಗಳನ್ನು ಸಾಲಾಗಿ ಬರೆದರೆ ಅಧ್ಯಾಯಗಳಾಗುತ್ತವೆ. ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಅಧ್ಯಾಯಗಳಿರಬೇಕು, ಪ್ರತಿಯೊಂದೂ ಕನಿಷ್ಠ 10 ಸೆಕೆಂಡ್ ಇರಬೇಕು:

```
0:00 ಸ್ವಾಗತ
41:20 ಬೋರ್ಡೋ ತಯಾರಿ
1:28:40 ಚಾಕುವಿನ ಪರೀಕ್ಷೆ
```

ಕೊಂಡಿಯ ಕೊನೆಗೆ `?t=2480` ಎಂದು, ಕೊಂಡಿಯಲ್ಲಿ ಆಗಲೇ `?` ಇದ್ದರೆ `&t=2480` ಎಂದು ಸೇರಿಸಿದರೆ ವಿಡಿಯೊ ನೇರವಾಗಿ 41:20ಕ್ಕೇ ತೆರೆದುಕೊಳ್ಳುತ್ತದೆ. ಇಂಥ ಕೊಂಡಿಯನ್ನು ಯಾರೂ ಮೊಟಕುಗೊಳಿಸಿ ಮುಂದಕ್ಕೆ ಕಳುಹಿಸಲಾರರು. ಉತ್ತರದ ಹಿಂದಿನ ಮಾತೂ ಮುಂದಿನ ಮಾತೂ ಬೆರಳಳತೆಯ ದೂರದಲ್ಲೇ ಇರುತ್ತವೆ. ತಜ್ಞರು ಮುಂದೆ ಅಳತೆಯನ್ನು ತಿದ್ದಿದರೆ ವಿವರಣೆಯಲ್ಲಿ ಒಂದು ಸಾಲು ಸೇರಿಸಬಹುದು. ಕತ್ತರಿಸಿ ಕಳುಹಿಸಿದ ಕಡತಕ್ಕೆ ಅದು ಸಾಧ್ಯವಿಲ್ಲ, ಅದು ಯಾರ ಯಾರ ಮೊಬೈಲಿನಲ್ಲಿದೆ ಎಂಬುದೇ ನಮಗೆ ತಿಳಿಯದು. ಸಿಗ್ನಲ್ ಇಲ್ಲದ ತೋಟಕ್ಕೆ ಈ ಕೊಂಡಿ ತಲುಪುವುದಿಲ್ಲ ಎಂಬ ಕೊರತೆ ಉಳಿದೇ ಇದೆ. ಅಲ್ಲಿಗೆಂದು ನಾನು ಎರಡು ಡ್ರಮ್ಮಿನ ಚಿತ್ರ, ಒಟ್ಟು 100 ಲೀಟರ್ ಎಂಬ ಅಳತೆ, ಚಾಕುವಿನ ಪರೀಕ್ಷೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಫೋಟೊ ತೆಗೆದು ಗುಂಪಿಗೆ ಹಾಕಿದ್ದೇನೆ.