ಇಬ್ಬರು ಅಕ್ಕಂದಿರು, ಅದಲುಬದಲಾದ ಮೆಸೇಜು

ನನ್ನ ಫೋನಿನಲ್ಲಿ ಇಬ್ಬರು ಅಕ್ಕಂದಿರಿದ್ದಾರೆ. ಒಬ್ಬಳು ಒಡಹುಟ್ಟಿದವಳು, ಇನ್ನೊಬ್ಬರು ಮಹಡಿ ಮನೆಯವರು. ನೋಡಿ, ಇಷ್ಟು ಹೇಳುವಷ್ಟರಲ್ಲೇ ಒಬ್ಬಳು ಅವಳಾದಳು, ಇನ್ನೊಬ್ಬರು ಅವರಾದರು. ಅಕ್ಕ ಅನ್ನೋ ಪದ ಎರಡೂ ಕಡೆ ಒಂದೇ, ನಮ್ಮ ಮನೇಲಿ ಸ್ವಂತ ಅಕ್ಕನಿಗೆ ನೀನು, ಹೊರಗಿನ ಅಕ್ಕನಿಗೆ ನೀವು. (ಕೆಲವರ ಮನೇಲಿ ಇಬ್ಬರಿಗೂ ನೀವು ಅಂತಾರೆ. ಪುಣ್ಯವಂತರು.)

ಮೊನ್ನೆ ಮದುವೆಗೆ ಹೊರಟಿದ್ದೆವು. ಅಕ್ಕ ಪತ್ತೆ ಇಲ್ಲ, ಮನೆ ಕೀ ಮಹಡಿ ಮನೆಯವರ ಹತ್ತಿರ. ಅವಸರದಲ್ಲಿ ಎರಡು ಮೆಸೇಜು ಕಳಿಸಿದೆ. "ಅಕ್ಕಾ, ಸ್ವಲ್ಪ ಕೀ ಕೊಡ್ತೀರಾ?" ಅನ್ನೋದು ಸ್ವಂತ ಅಕ್ಕನಿಗೆ ಹೋಯಿತು. "ಅಕ್ಕಾ, ಎಲ್ಲಿ ಹಾಳಾಗಿ ಹೋದೆ? ಬೇಗ ಬಾರೆ" ಅನ್ನೋದು ಮಹಡಿಗೆ ಹೋಯಿತು.

ಒಂದೇ ನಿಮಿಷಕ್ಕೆ ಅಕ್ಕನ ಫೋನು. "ಏನೋ ಇದು, ಕೊಡ್ತೀರಾ? ನಾನೇನೋ ಮಾಡಿದೆ ನಿಂಗೆ?" ಒಡಹುಟ್ಟಿದವಳಿಗೆ ಇದ್ದಕ್ಕಿದ್ದ ಹಾಗೆ ನೀವು ಅಂದರೆ ಅದು ಮರ್ಯಾದೆ ಅಲ್ಲ, ಮುನಿಸು. ಹಿಂದೊಮ್ಮೆ ಜಗಳವಾದಾಗ ಅವಳೂ ಮೂರು ದಿನ ನನ್ನನ್ನು "ಊಟಕ್ಕೆ ಬನ್ನಿ" ಅಂತಲೇ ಕರೆದಿದ್ದಳು.

ಮಹಡಿಯಿಂದ ಮಾತ್ರ ಉತ್ತರವೇ ಇಲ್ಲ.

ಸಾರಿ ಕೇಳೋಣ ಅಂತ ಕೂತೆ. ನೀನು, ನೀವು ಎರಡನ್ನೂ ಬಿಟ್ಟು ಬರೆದರಾಯಿತು ಅಂದುಕೊಂಡರೆ ಕನ್ನಡ ಎಲ್ಲಿ ಬಿಡುತ್ತೆ? ಕ್ರಿಯಾಪದದ ಬಾಲದಲ್ಲೇ ಅದು ಕೂತಿರುತ್ತದಲ್ವಾ, ಬಂದ್ಯಾ ಅಂದರೆ ನೀನು, ಬಂದ್ರಾ ಅಂದರೆ ನೀವು. ತಪ್ಪಿಸಿಕೊಳ್ಳೋಕೆ ಒಂದು ಸಂದಿ ಇದೆ. ಊಟ ಆಯ್ತಾ ಅಂದರೆ ಆಗಿದ್ದು ಊಟ, ಅಲ್ಲಿ ಮನುಷ್ಯರೇ ಇಲ್ಲ. ತಲುಪಿದ್ದಾಯ್ತಾ, ಕಾಫಿ ಬೇಕಾ, ಬರೋದು ಎಷ್ಟೊತ್ತಿಗೆ, ಇವೂ ಹಾಗೇ. ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಮೊದಲನೆಯವನಿಗೆ ಚಿಕ್ಕಂದಿನಿಂದ ನೀನು ಅಂದು ಬೆಳೆದ ನಾನು, ಎರಡನೆಯವರ ಹತ್ತಿರ ಬಾಯಿ ಜಾರದಿರಲಿ ಅಂತ ವರ್ಷಗಟ್ಟಲೆ ಈ ಸಂದಿಯಲ್ಲೇ ಓಡಾಡಿದ್ದೇನೆ.

ಆದರೆ ಏನಾದರೂ ಕೆಲಸ ಹೇಳಬೇಕಾದಾಗ ಈ ಉಪಾಯ ನಡೆಯಲ್ಲ. ಒಂದು ರಾತ್ರಿ ಅವರ ಮನೆ ಮುಂದೆ ನಿಂತು, ತೆಗಿ ಅನ್ನಲೂ ಆಗದೆ, ತೆಗೀರಿ ಅಂದರೆ ಅಪ್ಪಣೆ ಮಾಡಿದ ಹಾಗೆ ಕೇಳುತ್ತೇನೋ ಅನ್ನಿಸಿ, "ಮಾವಾ, ಗೇಟ್ ತೆಗೆಯೋದು" ಅಂತ ಕಳಿಸಿದೆ. ಅವರ ಉತ್ತರ ಬಂತು: "ಯಾರು?"

ಸಂಜೆ ಮಹಡಿ ಅಕ್ಕನ ಮೆಸೇಜು ಬಂತು. "ಈಗ ನೋಡಿದೆ ಕಣೋ. ಹಾಳಾಗಿ ಎಲ್ಲೂ ಹೋಗಿಲ್ಲ, ದೇವಸ್ಥಾನದಲ್ಲಿದ್ದೆ."

ಇಷ್ಟು ವರ್ಷ ಇಲ್ಲದ ಕಣೋ! ಈಗ ನಾನೂ ನೀನು ಅನ್ನಬೇಕಾ, ಸುಮ್ನೆ ನೀವು ಅಂತಲೇ ಇರಬೇಕಾ? ಒಂದನ್ನು ಬರೆದೆ, ಅಳಿಸಿದೆ. ಇನ್ನೊಂದನ್ನು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು: "ಅಕ್ಕಾ, ಪ್ರಸಾದ ಇದ್ಯಾ?"