ನೋ ರಷ್ ಅಂದರೆ ಬುಧವಾರ

ಹನುಮಂತನಗರದ ನಮ್ಮ ಮನೆ ಓನರ್ ಅಂಕಲ್ ಬಹಳ ಮರ್ಯಾದಸ್ಥರು. ಬಾಡಿಗೆ ಜಾಸ್ತಿ ಮಾಡಿ ಅಂತ ಇವತ್ತಿನವರೆಗೂ ಬಾಯಿ ಬಿಟ್ಟು ಕೇಳಿಲ್ಲ. ಗೇಟಿನ ಹತ್ತಿರ ಸಿಕ್ಕಾಗ, "ಟ್ಯಾಂಕರ್ ನೀರಿನ ರೇಟು ನೋಡಿದ್ಯೇನಮ್ಮ, ಹೇಗೆ ಏರ್ತಾ ಇದೆ!" ಅನ್ನುತ್ತಾರೆ. ಅಷ್ಟೇ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಎಷ್ಟು ಏರಬಹುದು, ಯಾವ ತಿಂಗಳಿಂದ ಅನ್ನುವ ಲೆಕ್ಕ ಮುಗಿದಿರುತ್ತದೆ. ಇದನ್ನು ಯಾರೂ ನನಗೆ ಕೂರಿಸಿ ಕಲಿಸಿಲ್ಲ. "ಯಾವಾಗಾದ್ರೂ ಮನೆ ಕಡೆ ಬನ್ನಿ" ಅಂದರೆ ಹೋಗಬೇಕಾಗಿಲ್ಲ, "ಭಾನುವಾರ ತಿಂಡಿಗೆ ಬಂದ್ಬಿಡಿ" ಅಂದರೆ ಹೋಗದಿದ್ದರೆ ಬೇಜಾರಾಗುತ್ತಾರೆ. ಕನ್ನಡದಲ್ಲಿ ನಾನು ಇಷ್ಟು ಚುರುಕು.

ಇಂಥ ನಾನು ಇಂಗ್ಲಿಷಿನ ಐದು ಸಾಲಿನ ಒಂದು ಮೇಲ್‌ನಲ್ಲಿ ಎಡವಿ ಬಿದ್ದೆ.

ನಾವು ಲಂಡನ್ನಿನ ಒಂದು ಆಫೀಸಿಗೆ ತಿಂಗಳ ರಿಪೋರ್ಟು ಮಾಡಿಕೊಡುತ್ತೇವೆ. ಅವರ ಹೆಲ್ಪ್‌ಡೆಸ್ಕಿಗೆ ಎಷ್ಟು ದೂರು ಬಂತು, ಎಷ್ಟು ಮುಗೀತು, ಇತ್ಯಾದಿ. ರಿಪೋರ್ಟು ನೋಡುವವರು ಅಲ್ಲಿಯ ಒಬ್ಬ ಮೇಡಂ. ಸೋಮವಾರ ಸಂಜೆ ಅವರ ಮೇಲ್ ಬಂದಾಗ ನನ್ನ ಬಸ್ಸು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿತ್ತು. ಫೋನಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಾಣುತ್ತಿತ್ತು. ವೀಕೆಂಡ್ ಚೆನ್ನಾಗಿ ಕಳೆಯಿತು ಅಂದುಕೊಂಡಿದ್ದೇನೆ, ರಿಪೋರ್ಟಿಗೆ ತುಂಬಾ ಥ್ಯಾಂಕ್ಸ್, ಒಳ್ಳೆ ರೂಪಕ್ಕೆ ಬರುತ್ತಾ ಇದೆ. ನನಗೆ ಅಷ್ಟೇ ಸಾಕಾಯಿತು. ಪಕ್ಕದಲ್ಲಿ ನಿಂತವರ ಬ್ಯಾಗು ಮುಖಕ್ಕೆ ತಾಗುತ್ತಿದ್ದರೂ ಹಿತವಾಗಿತ್ತು.

ಮನೆಗೆ ಬಂದು ಉಳಿದ ಮೂರು ಸಾಲು ಓದಿದೆ. ನಾಲ್ಕನೇ ಪುಟದ ಅಂಕಿಗಳನ್ನು ಇನ್ನೊಂದು ಸಲ ನೋಡಿದರೆ ಒಳ್ಳೆಯದೇನೋ ಅಂತ ಸುಮ್ನೆ ಯೋಚಿಸುತ್ತಿದ್ದೆ, ನಿಮಗೆ ಬಿಡುವಾದಾಗ. ನೋ ರಷ್ ಅಟ್ ಆಲ್, ಆದರೆ ಗುರುವಾರ ಬೆಳಗ್ಗೆ ನಾನು ಫೈನಾನ್ಸ್‌ನವರನ್ನು ನೋಡುವ ಮುಂಚೆ ಏನಾದರೂ ಸಿಕ್ಕರೆ ಚೆನ್ನಾಗಿರುತ್ತೆ. ಕೊನೆಗೆ ಕೈಂಡ್ ರಿಗಾರ್ಡ್ಸ್.

ನಾನು ಓದಿಕೊಂಡದ್ದು ಹೀಗೆ: ಕೆಲಸ ಮೆಚ್ಚಿದ್ದಾರೆ, ಅವಸರ ಇಲ್ಲ, ಬಿಡುವಾದರೆ ನೋಡಬೇಕು. ಬಿಡುವು ಆಗಲಿಲ್ಲ. ಬೆಂಗಳೂರಿನಲ್ಲಿ ಯಾರಿಗೆ ಆಗುತ್ತೆ?

ಗುರುವಾರ ರಾತ್ರಿ ಇನ್ನೊಂದು ಮೇಲ್ ಬಂತು, ಎರಡೇ ಸಾಲು. ಕೆಳಗಿನ ಮೇಲ್ ನಿಮಗೆ ಸಿಕ್ಕಿತೋ ಇಲ್ಲವೋ ನೋಡೋಣ ಅಂತ ಬರೆದೆ. ಕೊನೆಗೆ ಅದಿಲ್ಲದೇ ಹೇಗೋ ಆಯಿತು, ಆದ್ದರಿಂದ ನಾಟ್ ಟು ವರಿ. ವರಿ ಬೇಡ ಅಂದಿದ್ದಾರಲ್ಲ, ನಾನೂ ವರಿ ಮಾಡಿಕೊಳ್ಳಲಿಲ್ಲ. ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಆ ಮೇಲನ್ನು ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ತೋರಿಸಿದೆ. ಎಲ್ಲರೂ ಅವರನ್ನು ರಾಯರು ಅಂತಲೇ ಕರೆಯುವುದು. ಕನ್ನಡಕ ಹಣೆಗೇರಿಸಿ ಓದಿ, "ಅಯ್ಯೋ, ಎಂಥ ಕೆಲಸ ಆಯ್ತಮ್ಮ" ಅಂದರು.

"ಏನಾಯ್ತು ಸಾರ್? ಪರವಾಗಿಲ್ಲ ಅಂದಿದ್ದಾರಲ್ಲ."

"ಮೇಲುಗಡೆ ಸಿಸಿ ನೋಡು. ಯಾರಿದ್ದಾರೆ?"

ನಮ್ಮ ಮ್ಯಾನೇಜರ್ ಇದ್ದರು. ಸೋಮವಾರದ ಮೇಲ್‌ನಲ್ಲಿ ಇರಲಿಲ್ಲ.

ಆಮೇಲೆ ಕಾಫಿ ಲೋಟ ಪಕ್ಕಕ್ಕಿಟ್ಟು, ಸೋಮವಾರದ ಮೇಲನ್ನು ರಾಯರು ಈರುಳ್ಳಿ ಸಿಪ್ಪೆ ಸುಲಿದ ಹಾಗೆ ಸುಲಿದರು. "ಸುಮ್ನೆ ಯೋಚಿಸುತ್ತಿದ್ದೆ" ತೆಗಿ. "ಒಳ್ಳೆಯದೇನೋ" ತೆಗಿ. "ಬಿಡುವಾದಾಗ" ತೆಗಿ. ಇನ್ನೇನು ಉಳೀತು? ನಾಲ್ಕನೇ ಪುಟದ ಅಂಕಿ ಇನ್ನೊಂದು ಸಲ ನೋಡು. ಸರಿ ಇರುವ ಅಂಕಿಯನ್ನು ಯಾರಾದರೂ ಇನ್ನೊಂದು ಸಲ ನೋಡು ಅಂತಾರಾ? ಅವರು ಆಗಲೇ ನೋಡಿ, ಕೂಡಿ, ತಪ್ಪು ಹಿಡಿದಿದ್ದಾರೆ. ತಪ್ಪು ಅನ್ನುವ ಮಾತನ್ನು ಮಾತ್ರ ನನಗೇ ಬಿಟ್ಟಿದ್ದಾರೆ.

ಪುಟ ತೆಗೆದು ಕೂಡಿದೆವು. ಎರಡನೇ ಪುಟದಲ್ಲಿ ಮುಗಿದ ದೂರುಗಳು 412 ಅಂತಿತ್ತು. ನಾಲ್ಕನೇ ಪುಟದ ಪಟ್ಟಿ ಕೂಡಿದರೆ 398. ಒಮ್ಮೆ ಮುಗಿಸಿ, ಮತ್ತೆ ತೆರೆದು, ಮತ್ತೆ ಮುಗಿಸಿದ 14 ದೂರು ಪಟ್ಟಿಗೇ ಬಂದಿರಲಿಲ್ಲ. ಫೈನಾನ್ಸ್‌ನವರ ಮುಂದೆ ಆ ಮೇಡಂ ಈ ಎರಡು ಸಂಖ್ಯೆ ಇಟ್ಟುಕೊಂಡು ಕೂತಿದ್ದರು. "ಹೇಗೋ ಆಯಿತು" ಅಂದರೆ ಅದು.

ಇನ್ನು ಗಡುವು. ಮೇಲ್‌ನಲ್ಲಿ ತಾರೀಕೇ ಇಲ್ಲ ಅಂತ ನಾನು ವಾದ ಮಾಡಿದೆ. ರಾಯರು ಕೇಳಿದ್ದು ಒಂದೇ: "ಅವರಿಗೆ ಅದು ಯಾವಾಗ ಬೇಕು ಅಂತ ಅಲ್ಲಮ್ಮ, ಯಾವುದಕ್ಕೆ ಬೇಕು?" ಗುರುವಾರ ಬೆಳಗಿನ ಮೀಟಿಂಗಿಗೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ ಒಂಬತ್ತೂವರೆ ಅಂದರೆ ನಮ್ಮ ಮಧ್ಯಾಹ್ನ ಎರಡು. (ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅದೇ ಒಂಬತ್ತೂವರೆ ನಮಗೆ ಮೂರು ಗಂಟೆ.) ಹಾಗಾದರೆ ಗುರುವಾರ ಊಟಕ್ಕೆ ಮುಂಚೆ ಕಳಿಸಿದರೂ ನಡೀತಿತ್ತಲ್ಲ ಅನ್ನಿಸುತ್ತದೆ. ನಡೆಯುವುದಿಲ್ಲ. ಅವರು ಅದನ್ನು ಓದಬೇಕು, ತಮ್ಮ ಸ್ಲೈಡಿಗೆ ಹಾಕಿಕೊಳ್ಳಬೇಕು, ಇನ್ನೇನಾದರೂ ಅನುಮಾನ ಬಂದರೆ ನನ್ನನ್ನು ಕೇಳಬೇಕು, ನಾನು ಉತ್ತರ ಕೊಡಬೇಕು. ಇದಕ್ಕೆಲ್ಲ ಅವರ ಅರ್ಧ ದಿನವಾದರೂ ಬೇಕು. ಬುಧವಾರ ಸಂಜೆ ಆರಕ್ಕೆ ನಾನು ಕಳಿಸಿದ್ದರೆ ಅಲ್ಲಿ ಮಧ್ಯಾಹ್ನ ಒಂದೂವರೆ. ಅರ್ಧ ದಿನ ಉಳಿಯುತ್ತಿತ್ತು. ಅಂದರೆ ನೋ ರಷ್ ಅನ್ನುವುದರ ಅರ್ಥ ಬುಧವಾರ ಸಂಜೆ ಆರು ಗಂಟೆ. ಯಾವ ಡಿಕ್ಷನರಿಯಲ್ಲೂ ಇದು ಸಿಗುವುದಿಲ್ಲ.

ನನ್ನ ಕಣ್ಣು ತಪ್ಪಿದ್ದು "ಆದರೆ" ಅನ್ನುವ ಒಂದು ಪದಕ್ಕೆ. ನಾಚಿಕೆಯಾದದ್ದೂ ಅದಕ್ಕೇ. ಕನ್ನಡದಲ್ಲಿ ಯಾರಾದರೂ "ನಿಮ್ಮ ಮಗ ತುಂಬಾ ಒಳ್ಳೆ ಹುಡುಗ, ಆದ್ರೆ..." ಅಂದರೆ ಯಾವ ತಾಯಿ ಮೊದಲರ್ಧ ಕೇಳಿಸಿಕೊಂಡು ಎದ್ದು ಹೋಗುತ್ತಾಳೆ? ಇಂಗ್ಲಿಷಿನಲ್ಲಿ ನಾನು ಎದ್ದು ಹೋಗಿದ್ದೆ. ಶಾಲೆಯಲ್ಲಿ ಕಲಿತ ಇಂಗ್ಲಿಷು ನೋಡಿ. ಪದಕ್ಕೆ ಏನು ಅರ್ಥವೋ ಅಷ್ಟೇ ಬರೆದು ಮಾರ್ಕ್ಸು ತಗೊಂಡವರು ನಾವು.

ಧಾಟಿಯ ವಿಷಯ ಮಾತ್ರ ಇಷ್ಟು ಸುಲಭ ಅಲ್ಲ. ಆ ದಿನ ರೋಷದಲ್ಲಿ ಕೂತು ಆ ಮೇಡಂ ಹಿಂದೆ ಕಳಿಸಿದ್ದ ಇಪ್ಪತ್ತು ಇಪ್ಪತ್ತೈದು ಮೇಲ್ ಹುಡುಕಿ ಓದಿದೆ. ಹೆಚ್ಚೂ ಕಮ್ಮಿ ಎಲ್ಲದರಲ್ಲೂ ನನ್ನ ಹೆಸರಿನ ಹಿಂದೆ ಒಂದು ಹಾಯ್, ಕೊನೆಗೆ ಒಂದು ಕೈಂಡ್ ರಿಗಾರ್ಡ್ಸ್. ಗುರುವಾರ ರಾತ್ರಿಯದರಲ್ಲಿ ಹಾಯ್ ಇಲ್ಲ, ಬರೀ ಹೆಸರು. ಕೈಂಡ್ ಹೋಗಿತ್ತು, ರಿಗಾರ್ಡ್ಸ್ ಒಂದೇ ಉಳಿದಿತ್ತು. ಪದಗಳೆಲ್ಲ ಮೆತ್ತಗೇ ಇದ್ದವು, ಮೇಡಂ ಮಾತ್ರ ಬೇಜಾರಾಗಿದ್ದರು. ಮನೆಗೆ ಬಂದ ನೆಂಟರಿಗೆ ದಿನಾ ಕಾಫಿ ಕೊಡುವ ಅತ್ತೆ ಒಂದು ದಿನ "ಕಾಫಿ ಬೇಕಾ?" ಅಂತ ಕೇಳಿದರೆ ಹೇಗೋ ಹಾಗೆ. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ, ದಿನಾ ಕೇಳುತ್ತಿರಲಿಲ್ಲ ಅನ್ನುವುದೇ ವಿಷಯ.

ಆದರೆ ಇದನ್ನು ಕಲಿತ ಹೊಸದರಲ್ಲಿ ನನಗೆ ಒಂದು ಥರ ಹುಚ್ಚು ಹಿಡಿಯಿತು. ಯಾರ ಮೇಲ್ ಬಂದರೂ ಒಳಗೆ ಏನೋ ಅಡಗಿದೆ ಅಂತ ಕೆದಕುವುದು. ನಮ್ಮ ಟೀಮಿನ ಹುಡುಗನೊಬ್ಬ ಬರೀ "ಓಕೆ" ಅಂತ ಕಳಿಸಿದ್ದಕ್ಕೆ ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೇಳಿದರೆ ಅವನು ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಟೈಪ್ ಮಾಡಿದ್ದನಂತೆ. ಕೆಲವರ ರಿಗಾರ್ಡ್ಸ್ ಕಂಪ್ಯೂಟರು ತಾನೇ ಅಂಟಿಸುವ ಸಹಿಯ ಭಾಗ. ಅದರಲ್ಲಿ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಒಬ್ಬರ ಮೇಲನ್ನು ಅವರದೇ ಹಳೆಯ ಮೇಲ್ ಪಕ್ಕ ಇಟ್ಟು ನೋಡಬೇಕೇ ಹೊರತು ಇನ್ನೊಬ್ಬರ ಮೇಲ್ ಪಕ್ಕ ಅಲ್ಲ. ಹೊಸಬರ ಮೊದಲ ಮೇಲ್ ಆದರೆ ಧಾಟಿ ಹುಡುಕುವ ಗೋಜಿಗೇ ನಾನು ಹೋಗುವುದಿಲ್ಲ. ಕೆಲಸ ಏನು, ಯಾವುದಕ್ಕೆ ಅಂತ ಮಾತ್ರ ನೋಡುತ್ತೇನೆ.

ನಾವೇನು ಕಮ್ಮಿ ಅಲ್ಲ ಬಿಡಿ. "ಪ್ಲೀಸ್ ಡೂ ದ ನೀಡ್‌ಫುಲ್" ಅಂತ ದಿನಕ್ಕೆ ಹತ್ತು ಸಲ ಬರೆಯುತ್ತೇವೆ. ಏನು ಮಾಡಬೇಕು ಅನ್ನುವುದೇ ಅದರಲ್ಲಿ ಇಲ್ಲ. ನಾಳೆಯೊಳಗೆ "ರಿವರ್ಟ್" ಮಾಡಿ ಅಂತ ನಾನು ಬರೆದದ್ದಕ್ಕೆ ಲಂಡನ್ನಿನವರೊಬ್ಬರು ಯಾವ ಹಳೆಯ ಸ್ಥಿತಿಗೆ ವಾಪಸ್ ಹೋಗಬೇಕು ಅಂತ ಕೇಳಿದ್ದರು. ಉತ್ತರ ಕೊಡಿ ಅನ್ನುವುದಕ್ಕೆ ಆ ಪದ ಬಳಸುವವರು ಹೆಚ್ಚಾಗಿ ನಮ್ಮ ಕಡೆಯವರು ಅಂತ ನನಗೆ ಗೊತ್ತಾದದ್ದು ಆವಾಗ.

ಈಗ ಅರ್ಥವಾಗದ ಮೇಲ್ ಬಂದರೆ ಏನು ಮಾಡುತ್ತೇನೆ? ನಿಮಗೆ ಯಾವಾಗ ಬೇಕು ಅಂತ ಮಾತ್ರ ಕೇಳುವುದಿಲ್ಲ. ಒಂದು ಸಲ ಕೇಳಿ ನೋಡಿದ್ದೇನೆ. "ಓ, ನೋ ರಷ್!" ಅಂತ ಮತ್ತೆ ಅದೇ ಬಂತು. ಸಂಕೋಚದವರನ್ನು ಸಂಕೋಚದ ಪ್ರಶ್ನೆ ಕೇಳಿದರೆ ಇನ್ನೊಂದಿಷ್ಟು ಸಂಕೋಚ ಸಿಗುತ್ತದೆ. ಓನರ್ ಅಂಕಲ್‌ಗೆ "ಬಾಡಿಗೆ ಏರಿಸ್ತೀರಾ?" ಅಂತ ಕೇಳಿ ನೋಡಿ. "ಛೆ ಛೆ, ಹಾಗೇನಿಲ್ಲಮ್ಮ" ಅಂತಾರೆ. ಅದೇ "ಮುಂದಿನ ತಿಂಗಳಿಂದ ಒಂದು ಸಾವಿರ ಸೇರಿಸಿ ಕೊಡ್ಲಾ ಅಂಕಲ್?" ಅಂದರೆ, ಗೇಟಿನ ಚಿಲಕ ಆಡಿಸುತ್ತಾ, "ಒಂದೂವರೆ ಆದ್ರೆ ಅನುಕೂಲ" ಅಂತಾರೆ.

ಮೇಲ್‌ಗೂ ಹಾಗೇ. ನನ್ನ ಊಹೆಯನ್ನೇ ಬರೆದು ಮುಂದಿಡುತ್ತೇನೆ. ಅದರ ಮುಂದಿನ ತಿಂಗಳ ರಿಪೋರ್ಟಿಗೂ ಮೇಡಂ ಮತ್ತೆ ಏನೋ "ಯೋಚಿಸುತ್ತಿದ್ದರು". ನಾನು ಮೂರು ಸಾಲು ಬರೆದೆ. ಆರನೇ ಪುಟದ ಸರಾಸರಿ ಹೋದ ತಿಂಗಳಿಗೆ ಹೊಂದುತ್ತಿಲ್ಲ ಅಂತ ನೀವು ಹೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಸರಿ ಮಾಡಿ ಮಂಗಳವಾರ ನಮ್ಮ ಸಂಜೆ ಆರು, ನಿಮ್ಮ ಮಧ್ಯಾಹ್ನ ಒಂದೂವರೆಗೆ ಕಳಿಸುತ್ತೇನೆ. ನಿಮ್ಮ ಮನಸ್ಸಿನಲ್ಲಿ ಬೇರೆ ಏನಾದರೂ ಇದ್ದರೆ ಹೇಳಿ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಸರಾಸರಿ ಸರಿ ಇದೆ, ಅದರ ಕೆಳಗಿನ ಚಾರ್ಟ್ ಹಳೆಯದು. ಸೋಮವಾರವೇ ಆದರೆ ಇನ್ನೂ ಒಳ್ಳೆಯದು. ನನ್ನ ಎರಡು ಊಹೆಯೂ ತಪ್ಪಾಗಿತ್ತು. ಆದರೆ ಮೇಡಂ ಬಾಯಿಂದ ಮೊದಲ ಸಲ ವಾರದ ಹೆಸರು ಸಲೀಸಾಗಿ ಬಂದಿತ್ತು. ಕೊನೆಯಲ್ಲಿ ಕೈಂಡ್ ರಿಗಾರ್ಡ್ಸ್ ಇತ್ತು, ಸಿಸಿಯಲ್ಲಿ ಯಾರೂ ಇರಲಿಲ್ಲ.

ನಿನ್ನೆ ಸಂಜೆ ಗೇಟಿನ ಹತ್ತಿರ ಅಂಕಲ್ ಸಿಕ್ಕರು. ಅಮೆರಿಕದಲ್ಲಿರುವ ಮಗನ ಸುದ್ದಿ ಹೇಳಿದರು. ಮೊಮ್ಮಗಳಿಗೆ ಬೆಂಗಳೂರು ಬಹಳ ಇಷ್ಟವಂತೆ. "ಮೇಲಿನ ಮನೆಗೆ ಒಂದು ಸಲ ಬಣ್ಣ ಹೊಡೆಸೋಣ ಅಂತಿದೀನಮ್ಮ. ಅವಸರ ಏನಿಲ್ಲ, ನಿನಗೆ ಯಾವಾಗ ಅನುಕೂಲವೋ ಆಗ" ಅಂದರು.

ಮೇಲೆ ಬಂದವಳೇ ಬೀರು ತೆಗೆದು ಬಾಡಿಗೆ ಅಗ್ರಿಮೆಂಟು ಹುಡುಕಿದೆ. ಹನ್ನೊಂದು ತಿಂಗಳು ಮುಗಿಯುವುದಕ್ಕೆ ಇನ್ನು ನಲವತ್ತು ದಿನ ಇದೆ.