ನಲವತ್ತು ಕಾರ್ಡಿನ ಡೆಕ್ಕಿನಲ್ಲಿ ಆರರ ಕಾರ್ಡು ಎಷ್ಟಿರಬೇಕು?

ಮ್ಯಾಜಿಕ್: ದ ಗ್ಯಾದರಿಂಗ್ ಡ್ರಾಫ್ಟ್ ಆಡುವವರಿಗೆ ನನ್ನದೊಂದು ಮಾತು. ಮೂರನೇ ಪ್ಯಾಕ್ ಕೈಗೆ ಬರುವಾಗ ನಿಮ್ಮ ಹತ್ತಿರ ಐದು, ಆರು ಮಾನಾದ ದೊಡ್ಡ ಪ್ರಾಣಿಗಳು ಆಗಲೇ ಮೂರಿದ್ದರೆ, ನಾಲ್ಕನೆಯದು ಎಷ್ಟೇ ಚೆನ್ನಾಗಿರಲಿ, ಅದನ್ನು ಪಕ್ಕದವರಿಗೆ ಬಿಟ್ಟು ಸಾಧಾರಣವಾದ ಎರಡು ಮಾನಾದ ಪ್ರಾಣಿಯನ್ನು ಎತ್ತಿಕೊಳ್ಳಿ. (ಇಲ್ಲಿ ದುಬಾರಿ, ಅಗ್ಗ ಅಂದರೆ ರೂಪಾಯಿ ಲೆಕ್ಕವಲ್ಲ, ಕಾರ್ಡನ್ನು ಆಡಲು ಬೇಕಾದ ಮಾನಾ.)

ಡ್ರಾಫ್ಟಿನಲ್ಲಿ ಡೆಕ್ಕಿಗೆ ಕನಿಷ್ಠ 40 ಕಾರ್ಡು ಬೇಕು. ಸಾಮಾನ್ಯವಾಗಿ ಮಾನಾ ಕೊಡುವ ಲ್ಯಾಂಡ್ ಕಾರ್ಡು 17 ಹಾಕುತ್ತೇವೆ, ಉಳಿದ 23 ಜಾಗಕ್ಕೇ ಈ ಜಗಳವೆಲ್ಲ. ಕಳೆದ ಸಲ ನನ್ನ ಚಿಕ್ಕಪ್ಪನ ಮಗ ಡೆಕ್ ಕಟ್ಟಿ ತೋರಿಸಿದಾಗ ಆ 23 ಕಾರ್ಡುಗಳನ್ನು ಬೆಲೆಯ ಪ್ರಕಾರ ಸಾಲಾಗಿ ಜೋಡಿಸು ಅಂದೆ. ಎರಡರದ್ದು ಮೂರು, ಮೂರರದ್ದು ಏಳು, ನಾಲ್ಕರದ್ದು ಏಳು, ಐದು ಮತ್ತು ಅದಕ್ಕಿಂತ ಮೇಲಿನದ್ದು ಆರು. "ಅಣ್ಣಾ, 17 ಲ್ಯಾಂಡ್ ಇದೆಯಲ್ಲ, ಆರನೇ ಟರ್ನಿಗೆ ಆರರ ಕಾರ್ಡು ಆಡಬಹುದು" ಅಂದ. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ.

ಲೆಕ್ಕ ಹಾಕಿ ನೋಡೋಣ. ಮೊದಲು ಆಡುವವರಿಗೆ ಮೊದಲ ಟರ್ನಿನಲ್ಲಿ ಕಾರ್ಡು ಎಳೆಯಲು ಇಲ್ಲ. ಹಾಗಾಗಿ ಶುರುವಿನ ಕೈಯ ಏಳು ಸೇರಿ ಆರನೇ ಟರ್ನಿಗೆ ಅವರು ನೋಡಿರುವುದು 12 ಕಾರ್ಡು. ನಲವತ್ತರಲ್ಲಿ 17 ಲ್ಯಾಂಡ್ ಇದ್ದರೆ ಆ 12ರಲ್ಲಿ ಸರಾಸರಿ ಐದು ಲ್ಯಾಂಡ್ ಮಾತ್ರ ಬಂದಿರುತ್ತವೆ. ಆರು ಅಥವಾ ಹೆಚ್ಚು ಬಂದಿರುವ ಸಾಧ್ಯತೆ ಶೇ. 39ರಷ್ಟೇ. ಸರಾಸರಿ ಆರಕ್ಕೆ ಮುಟ್ಟುವುದು ಎಂಟನೇ ಟರ್ನಿನ ಹೊತ್ತಿಗೆ. ಅಂದರೆ ಕಾರ್ಡಿನ ಮೂಲೆಯಲ್ಲಿ ಆರು ಅಂತ ಇದ್ದರೂ ಅದು ನಿಜವಾಗಿ ನಿಮ್ಮ ಕೆಲಸಕ್ಕೆ ಬರುವುದು ಏಳೆಂಟನೇ ಟರ್ನಿನಲ್ಲಿ. ಅಲ್ಲಿಯವರೆಗೆ ಅದು ಕೈಯಲ್ಲಿ ಸುಮ್ಮನೆ ಕೂತಿರುತ್ತದೆ.

ಇಂಥದ್ದೊಂದು ಕೂತಿದ್ದರೆ ತೊಂದರೆಯಿಲ್ಲ. ಎರಡು ಕೂತರೆ ಏಳು ಕಾರ್ಡಿನ ಕೈ ಐದಕ್ಕೆ ಇಳಿದ ಹಾಗೆ. ನನ್ನ ತಮ್ಮನ ಡೆಕ್ಕಿನಲ್ಲಿದ್ದಂತೆ ಆರು ದುಬಾರಿ ಕಾರ್ಡುಗಳಿದ್ದರೆ, ಶುರುವಿನ ಕೈಯಲ್ಲೇ ಎರಡು ಅಥವಾ ಹೆಚ್ಚು ಬಂದು ಕೂರುವ ಸಾಧ್ಯತೆ ಶೇ. 28. ಅದನ್ನು ಮೂರಕ್ಕೆ ಇಳಿಸಿದರೆ ಶೇ. 7. ಸಂಖ್ಯೆ ಅರ್ಧ ಮಾಡಿದ್ದಕ್ಕೆ ತೊಂದರೆ ಕಾಲು ಭಾಗಕ್ಕೆ ಇಳಿಯಿತು. ನನ್ನ ಅಭಿಪ್ರಾಯ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ತೆಗೆದ ಮೂರರ ಜಾಗಕ್ಕೆ ಎರಡು ಮಾನಾದ ಪ್ರಾಣಿಗಳನ್ನು ಹಾಕಿದೆವು. ಅವು ಮೂರು ಇದ್ದಾಗ, ಮೊದಲು ಆಡುವವರ ಕೈಯಲ್ಲಿ ಎರಡನೇ ಟರ್ನಿಗೆ ಒಂದಾದರೂ ಇರುವ ಸಾಧ್ಯತೆ ಶೇ. 50. ಆರಾದಾಗ ಶೇ. 76. ಅದಕ್ಕಿಂತ ಮುಂದೆ ಹೋದಷ್ಟೂ ಲಾಭ ಕಡಿಮೆಯಾಗುತ್ತದೆ: ಎಂಟು ಹಾಕಿದರೆ ಶೇ. 86. ಮತ್ತೆ ಎಂಟನೇ ಟರ್ನಿನಲ್ಲಿ ಎಳೆದ ಎರಡರ ಕಾರ್ಡು ಬಹಳ ಸಲ ಏನೂ ಮಾಡುವುದಿಲ್ಲ. ಆದ್ದರಿಂದ ನಾನು ಆರರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ.

ಎಣಿಸುವಾಗ ಒಂದು ಎಚ್ಚರ ಬೇಕು. ಮೂಲೆಯಲ್ಲಿ ಅಚ್ಚಾದ ಅಂಕಿಯನ್ನಲ್ಲ, ಯಾವ ಟರ್ನಿನಲ್ಲಿ ಅದನ್ನು ಆಡಲು ಮನಸ್ಸಾಗುತ್ತದೆ ಅನ್ನುವುದನ್ನು ಎಣಿಸಿ. ಪ್ರಾಣಿಯ ಬಲವನ್ನು ಆ ಟರ್ನಿಗಷ್ಟೇ ಹೆಚ್ಚಿಸುವ ಜೈಂಟ್ ಗ್ರೋತ್ ಒಂದು ಮಾನಾದ ಕಾರ್ಡು, ಆದರೆ ಯಾರೂ ಮೊದಲ ಟರ್ನಿನಲ್ಲಿ ಆಡುವುದಿಲ್ಲ. ಅದು ಸಾಲಿನಲ್ಲಿ ಅಗ್ಗವಾಗಿ ಕಂಡರೂ ಮೊದಲ ಟರ್ನುಗಳ ಖಾಲಿ ಮೈದಾನ ತುಂಬುವುದಿಲ್ಲ. ಎರಡು ಮಾನಾದ ಕಾರ್ಡು ಎಂಟಿವೆ ಅಂತ ತೋರಿಸುವವರ ಡೆಕ್ಕಿನಲ್ಲಿ ನಿಜವಾದ ಪ್ರಾಣಿಗಳು ಮೂರೇ ಇರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇದಕ್ಕೆ ಉಲ್ಟಾ ಇರುವ ಕಾರ್ಡುಗಳೂ ಇವೆ. 2023ರ ಲಾರ್ಡ್ ಆಫ್ ದ ರಿಂಗ್ಸ್ ಸೆಟ್ಟಿನ ಜೆನರಸ್ ಎಂಟ್ ನೋಡಿ. ಬೆಲೆ ಆರು ಮಾನಾ, ಆದರೆ ಒಂದೇ ಮಾನಾ ಕೊಟ್ಟು ಅದನ್ನು ಎಸೆದು ಡೆಕ್ಕಿನಿಂದ ಒಂದು ಫಾರೆಸ್ಟ್ ಹುಡುಕಿಕೊಳ್ಳಬಹುದು. ಶುರುವಿನಲ್ಲಿ ಲ್ಯಾಂಡ್, ಕೊನೆಗೆ 5/7 ಪ್ರಾಣಿ. ಇಂಥವನ್ನು ನಾನು ದುಬಾರಿ ಸಾಲಿಗೆ ಸೇರಿಸುವುದೇ ಇಲ್ಲ. ಎರಡಿದ್ದರೆ ಒಂದು ಲ್ಯಾಂಡ್ ಕಡಿಮೆ ಮಾಡಿ 16ಕ್ಕೆ ಇಳಿಸುತ್ತೇನೆ.

ಹಾಗಂತ ದುಬಾರಿ ಕಾರ್ಡುಗಳನ್ನು ಪೂರ್ತಿ ತೆಗೆಯಬೇಡಿ. 17 ಲ್ಯಾಂಡ್ ಇಟ್ಟು ಎಲ್ಲವೂ ಮೂರರ ಒಳಗೇ ಇದ್ದರೆ, ಆರನೇ ಟರ್ನಿನ ಹೊತ್ತಿಗೆ ಕೈ ಖಾಲಿ, ಎಳೆಯುವ ಲ್ಯಾಂಡ್ ಎಲ್ಲ ದಂಡ. ಎದುರಾಳಿಯ ಒಂದೇ ದೊಡ್ಡ ಪ್ರಾಣಿ ನಿಮ್ಮ ಸಣ್ಣವನ್ನೆಲ್ಲ ತಡೆದು ನಿಲ್ಲಿಸುತ್ತದೆ. ಅಂಥ ಡೆಕ್ ಕಟ್ಟಲೇಬೇಕೆಂದರೆ 16 ಲ್ಯಾಂಡ್ ಹಾಕಿ, ಆಟವನ್ನು ಬೇಗ ಮುಗಿಸುವ ಯೋಚನೆಯಲ್ಲೇ ಕಟ್ಟಿ. ಉಳಿದವರಿಗೆ ಮೂರು, ಹೆಚ್ಚೆಂದರೆ ನಾಲ್ಕು ದೊಡ್ಡವು ಸಾಕು. ಆ ಮೂರನ್ನು ಆರಿಸುವಾಗ ಬರೀ ಮೈ ದೊಡ್ಡದಿರುವುದನ್ನು ಬಿಟ್ಟು, ಹಿಂದೆ ಬಿದ್ದಾಗಲೂ ಆಟವನ್ನು ತಿರುಗಿಸಬಲ್ಲಂಥವನ್ನು ಇಟ್ಟುಕೊಳ್ಳಿ.